ತುಮಕೂರಿನಲ್ಲಿ ಬೈಕ್ ಗ್ಯಾರೇಜ್ ತೆರೆಯಬೇಕು: ದಿನಕ್ಕೆ ಎಷ್ಟು ಗಾಡಿ ಬರುತ್ತವೆ ಎಂದು ಮೊದಲೇ ಲೆಕ್ಕ ಹಾಕುವುದು ಹೇಗೆ?

ದಾಸರಹಳ್ಳಿ ಸ್ಪ್ಯಾನರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ದ್ವಿಚಕ್ರ ವಾಹನ ಸರ್ವೀಸ್ ಸೆಂಟರಿನಲ್ಲಿ ಸೂಪರ್‌ವೈಸರ್. ಊರು ಗುಬ್ಬಿಯ ಕಡೆ. ತುಮಕೂರಿನ ಬಟವಾಡಿಯ ಹತ್ತಿರ ಭಾವಮೈದುನನ ಜೊತೆ ಸೇರಿ ಎಲ್ಲ ಕಂಪನಿಯ ಗಾಡಿಗಳನ್ನೂ ನೋಡುವ ಗ್ಯಾರೇಜ್ ತೆರೆಯಬೇಕೆಂದಿದ್ದೇನೆ. ಅವನೂ ಮೆಕ್ಯಾನಿಕ್. ಕೆಲಸದ ಬಗ್ಗೆ ಭಯವಿಲ್ಲ. ಆದರೆ ಇಲ್ಲಿನ ಸಂಬಳ ಬಿಟ್ಟು ಹೋಗಬೇಕಾದರೆ ಅಲ್ಲಿ ಎಷ್ಟು ವ್ಯಾಪಾರವಿದೆ ಎಂಬುದು ಕೈಗೆ ಸಿಗಬೇಕು.

ನನ್ನ ಲೆಕ್ಕ ಹೀಗಿದೆ. 2011ರ ಜನಗಣತಿಯಲ್ಲೇ ತುಮಕೂರು ನಗರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಈಗ ನಾಲ್ಕು ಲಕ್ಷ ಎಂದುಕೊಂಡರೆ ಒಂದು ಲಕ್ಷ ಮನೆ. ಮನೆಗೊಂದು ಗಾಡಿ, ವರ್ಷಕ್ಕೆ ಮೂರು ಸರ್ವೀಸ್, ಪ್ರತಿ ಸರ್ವೀಸಿಗೆ ಸಾವಿರ ರೂಪಾಯಿ. ಒಟ್ಟು ಮೂವತ್ತು ಕೋಟಿ. ಅದರಲ್ಲಿ ನೂರಕ್ಕೆ ಒಂದು ಭಾಗ ನಮಗೆ ಬಂದರೂ ವರ್ಷಕ್ಕೆ ಮೂವತ್ತು ಲಕ್ಷ. ಈ ಲೆಕ್ಕವನ್ನು ನಂಬಿ ಕೆಲಸ ಬಿಡಬಹುದೇ?

ಜಯನಗರ ನಾಲ್ಕನೇ ಬ್ಲಾಕ್

ಸರ್, ನಿಮ್ಮ ದಾರಿ ಸರಿಯಾಗಿದೆ, ಮೂಲ ಅಂಕಿಯನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಜನಸಂಖ್ಯೆಯಿಂದ ಊಹಿಸುವ ಬದಲು ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡ್ ತೆರೆದು ಕೆಎ-06 ಕಚೇರಿಯನ್ನು ಆರಿಸಿಕೊಂಡರೆ ಯಾವ ವರ್ಷ ಎಷ್ಟು ದ್ವಿಚಕ್ರ ವಾಹನ ನೋಂದಣಿಯಾಗಿವೆ ಎಂಬುದು ಸಿಗುತ್ತದೆ. ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷದ ಅವಧಿ. ಆದ್ದರಿಂದ ಕಳೆದ ಹದಿನೈದು ವರ್ಷದ ಅಂಕಿಗಳನ್ನು ಕೂಡಿದರೆ ಊರಿನಲ್ಲಿ ಓಡುತ್ತಿರುವ ಗಾಡಿಗಳ ಸಂಖ್ಯೆ ಬಂದಂತೆ. ನೂರಕ್ಕೆ ಒಂದು ಎಂಬುದು ಎಚ್ಚರಿಕೆಯ ಅಂದಾಜೇ, ಅದನ್ನು ಬದಲಿಸಬೇಕಾಗಿಲ್ಲ.

ಜೆ.ಸಿ. ರಸ್ತೆ ಬಿಡಿಭಾಗ

ಜೆ.ಸಿ. ರಸ್ತೆಯಲ್ಲಿ ನಮ್ಮದು ದ್ವಿಚಕ್ರ ವಾಹನಗಳ ಬಿಡಿಭಾಗದ ಸಗಟು ಅಂಗಡಿ. ತುಮಕೂರು, ಮಂಡ್ಯ, ಹಾಸನದ ಗ್ಯಾರೇಜುಗಳಿಗೆ ನಮ್ಮಿಂದ ಮಾಲು ಹೋಗುತ್ತದೆ. ತೆರೆದ ವರ್ಷದಲ್ಲೇ ಬಾಗಿಲು ಹಾಕಿದ ಗ್ಯಾರೇಜುಗಳ ಬಾಕಿ ನಮ್ಮ ಪುಸ್ತಕದಲ್ಲಿ ಉಳಿಯುವುದರಿಂದ ಈ ಲೆಕ್ಕ ನನಗೆ ದೂರದ ವಿಷಯವಲ್ಲ.

ಜಯನಗರದವರು ಹೇಳಿದ ಡ್ಯಾಶ್‌ಬೋರ್ಡ್ ಒಳ್ಳೆಯದೇ. ಯಾವ ವರ್ಷ ಮಾರಾಟ ಏರಿತು, ಯಾವ ವರ್ಷ ಇಳಿಯಿತು ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಆದರೆ ಕೆಎ-06ರಲ್ಲಿ ನಗರದ ಜೊತೆಗೆ ಸುತ್ತಲಿನ ಹಳ್ಳಿಗಳ ಗಾಡಿಗಳೂ ಸೇರಿರುತ್ತವೆ. ಅವುಗಳಲ್ಲಿ ಎಷ್ಟೋ ಇವತ್ತು ಪೀಣ್ಯ, ನೆಲಮಂಗಲದಲ್ಲಿ ಓಡುತ್ತಿವೆ. ಎಷ್ಟೋ ಗುಜರಿಗೆ ಹೋಗಿವೆ, ಪುಸ್ತಕದಲ್ಲಿ ಮಾತ್ರ ಜೀವಂತವಾಗಿವೆ. ಬೆಂಗಳೂರಿನ ಸಂಖ್ಯೆಯ ಗಾಡಿಗಳು ತುಮಕೂರಿನ ಮನೆಗಳ ಮುಂದೆ ನಿಂತಿರುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನೂರಕ್ಕೆ ಒಂದು ಎಂಬ ಮಾತಿನಲ್ಲಿದೆ. ಇಡೀ ಊರಿನ ನೂರಕ್ಕೆ ಒಂದು ಭಾಗ ನಿಮ್ಮ ಬಾಗಿಲಿಗೆ ಬರಲು ಕ್ಯಾತ್ಸಂದ್ರದವರು, ಶಿರಾ ಗೇಟಿನವರು, ಮರಳೂರಿನವರು ಎಲ್ಲರೂ ಬಟವಾಡಿಗೆ ಬರಬೇಕು. ಯಾರೂ ಬರುವುದಿಲ್ಲ. ಸ್ಟಾರ್ಟ್ ಆಗದ ಸ್ಕೂಟರನ್ನು ಒಬ್ಬ ಮನುಷ್ಯ ಎಷ್ಟು ದೂರ ತಳ್ಳಿಕೊಂಡು ಹೋಗುತ್ತಾನೋ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಎಲ್ಲಿ ಗಾಡಿ ಬಿಟ್ಟು ನಡೆದು ಹೋಗಬಲ್ಲನೋ, ಅಷ್ಟೇ ನಿಮ್ಮ ಸೀಮೆ. ಆದ್ದರಿಂದ ಊರನ್ನು ಬಿಟ್ಟು ನಿಮ್ಮ ಅಂಗಡಿಯ ಸುತ್ತಲಿನ ಬೀದಿಗಳಿಂದ ಶುರು ಮಾಡಿ. ಭೂಪಟದಲ್ಲಿ ದುಂಡಗೆ ಗೆರೆ ಎಳೆಯಬೇಡಿ. ರೈಲು ಹಳಿ, ಹೆದ್ದಾರಿ, ಏಕಮುಖ ರಸ್ತೆ ಇವುಗಳಾಚೆಯ ಮನೆ ಅರ್ಧ ಕಿಲೋಮೀಟರ್ ದೂರದಲ್ಲಿದ್ದರೂ ನಿಮ್ಮದಲ್ಲ.

ಆ ಸೀಮೆಯೊಳಗೆ ಎಷ್ಟು ಮನೆಗಳಿವೆ ಎಂದು ಮೊದಲು ಪತ್ತೆ ಮಾಡಿ. ವಾರ್ಡಿನ ಮತದಾರರ ಪಟ್ಟಿಯಲ್ಲಿ ಮನೆ ಸಂಖ್ಯೆಗಳಿರುತ್ತವೆ, ವಿದ್ಯುತ್ ಮೀಟರ್ ಓದುವವರಿಗೂ ಅಂದಾಜಿರುತ್ತದೆ. ಆಮೇಲೆ ಬೇರೆ ಬೇರೆ ಬಗೆಯ ಕೆಲವು ಬೀದಿಗಳನ್ನು ಆರಿಸಿಕೊಂಡು ಬೆಳಿಗ್ಗೆ ಆರು ಗಂಟೆಗೆ ಮುಂಚೆ ನಡೆಯಿರಿ. ಹಳೆಯ ಬಡಾವಣೆ ಒಂದು, ಹೊಸ ಸೈಟುಗಳ ಬೀದಿ ಒಂದು, ವಿದ್ಯಾರ್ಥಿಗಳು ಬಾಡಿಗೆಗೆ ಇರುವ ವಠಾರ ಒಂದು ಇರಲಿ. ಆ ಹೊತ್ತಿನಲ್ಲಿ ಗಾಡಿಗಳೆಲ್ಲ ಮನೆಯಲ್ಲೇ ಇರುತ್ತವೆ. ಬಾಗಿಲು ಎಷ್ಟು, ಗಾಡಿ ಎಷ್ಟು, ಅದರಲ್ಲಿ ದೂಳು ಹಿಡಿದು ಗಾಳಿ ಇಳಿದು ನಿಂತವು ಎಷ್ಟು ಎಂದು ಬರೆದುಕೊಳ್ಳಿ. ಗಾಡಿಯ ವಯಸ್ಸನ್ನೂ ಬರೆದುಕೊಳ್ಳಿ. ಅದು ಏಕೆ ಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ.

ರಾಜಾಜಿನಗರ ಕಾರ್ಬುರೇಟರ್

ವಯಸ್ಸು ಗುರುತಿಸುವುದು ಸುಲಭ. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಇದ್ದರೆ 2019ರ ಏಪ್ರಿಲ್ ನಂತರದ ಗಾಡಿ, ಇಲ್ಲದಿದ್ದರೆ ಅದಕ್ಕಿಂತ ಹಳೆಯದು.

ಜೆ.ಸಿ. ರಸ್ತೆ ಬಿಡಿಭಾಗ

ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಆ ಪ್ಲೇಟ್ ಕಡ್ಡಾಯವಾದದ್ದು ನಿಜ. ಆದರೆ ನಮ್ಮ ರಾಜ್ಯದಲ್ಲಿ ಹಳೆಯ ಗಾಡಿಗಳಿಗೂ ಹಾಕಿಸಿಕೊಳ್ಳಿ ಎಂದು ಸರ್ಕಾರ ಆದೇಶಿಸಿತು, ಬಹಳ ಜನ ಹಾಕಿಸಿಕೊಂಡಿದ್ದಾರೆ. ಪ್ಲೇಟ್ ನೋಡಿ ವಯಸ್ಸು ಹೇಳಿದರೆ ಹತ್ತು ವರ್ಷದ ಗಾಡಿ ಹೊಸದೆಂದು ಲೆಕ್ಕಕ್ಕೆ ಬರುತ್ತದೆ. ಹೆಡ್‌ಲೈಟ್ ಆರಿಸುವ ಸ್ವಿಚ್ ಇಲ್ಲದಿದ್ದರೆ ಅದು 2017ರ ಏಪ್ರಿಲ್‌ನ ಈಚಿನದು. ಬಿಎಸ್-6 ಗಾಡಿ 2020ರ ಆಸುಪಾಸಿನದು, ಅದರ ಮೀಟರಿನಲ್ಲಿ ಎಂಜಿನ್ ದೋಷ ತೋರಿಸುವ ದೀಪವಿರುತ್ತದೆ. ಇನ್ನೂ ನಿಖರವಾಗಿ ಬೇಕಾದರೆ ನೋಂದಣಿ ಸಂಖ್ಯೆಯ ನಡುವಿನ ಅಕ್ಷರಗಳನ್ನು ಬರೆದುಕೊಳ್ಳಿ. ಒಂದೊಂದು ಅಕ್ಷರ ಸರಣಿಗೆ ಒಂದು ಗಾಡಿಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ಆ ಸರಣಿಯ ವರ್ಷ ತಿಳಿಯುತ್ತದೆ.

ರಾಜಾಜಿನಗರ ಕಾರ್ಬುರೇಟರ್

ಹೌದು, ಹಳೆಯ ಗಾಡಿಗಳಿಗೂ ಹಾಕಿದ್ದಾರೆ. ಸ್ವಿಚ್ ನೋಡುವುದೇ ಸರಿ.

ಕಾಮಾಕ್ಷಿಪಾಳ್ಯ ಗ್ಯಾರೇಜ್

ಅಷ್ಟೆಲ್ಲ ಎಣಿಸುವ ಅಗತ್ಯ ಕಾಣುವುದಿಲ್ಲ ತಮ್ಮಾ. ನನ್ನ ಗ್ಯಾರೇಜಿಗೆ ದಿನಕ್ಕೆ ಹನ್ನೆರಡು ಗಾಡಿಗೆ ಕಡಿಮೆ ಬಂದದ್ದಿಲ್ಲ. ಊಟ, ಪಾರ್ಸೆಲ್ ತಲುಪಿಸುವ ಹುಡುಗರು ತಿಂಗಳಿಗೊಮ್ಮೆ ಬಂದೇ ಬರುತ್ತಾರೆ. ಕ್ಲಚ್ ಪ್ಲೇಟ್, ಬ್ರೇಕ್ ಶೂ, ಚೈನ್ ಸೆಟ್ ಎಂದು ಕೆಲಸ ನಿಲ್ಲುವುದೇ ಇಲ್ಲ. ಕೈ ಚುರುಕಾಗಿದ್ದು ಹೇಳಿದ ಸಮಯಕ್ಕೆ ಗಾಡಿ ಕೊಟ್ಟರೆ ಗಿರಾಕಿ ತಾನಾಗಿ ಬರುತ್ತಾನೆ. ಧೈರ್ಯವಾಗಿ ಶುರು ಮಾಡು. ಉದ್ರಿ ಮಾತ್ರ ಕೊಡಬೇಡ.

ನಿಂಬೆಕಾಯಿಪುರ

ಟ್ರೇಡ್ ಲೈಸೆನ್ಸ್ ಮಾಡಿಸಲು ಎಷ್ಟು ಖರ್ಚು ಬರುತ್ತದೆ? ನಾನೂ ವಾಟರ್ ವಾಷ್ ಅಂಗಡಿ ಹಾಕಬೇಕೆಂದಿದ್ದೇನೆ.

ದಾಸರಹಳ್ಳಿ ಸ್ಪ್ಯಾನರ್

ಲೈಸೆನ್ಸ್ ವಿಷಯ ಆಯಾ ನಗರಪಾಲಿಕೆಯಲ್ಲೇ ಕೇಳಬೇಕು ಸರ್, ಇಲ್ಲಿ ಗಿರಾಕಿಗಳ ಲೆಕ್ಕ ನಡೆಯುತ್ತಿದೆ.

ಕಾಮಾಕ್ಷಿಪಾಳ್ಯದ ಅಣ್ಣ, ನಿಮ್ಮ ಮಾತಿನಿಂದ ಧೈರ್ಯ ಬಂತು. ಆದರೆ ಆ ಡೆಲಿವರಿ ಹುಡುಗರು ಬಟವಾಡಿಯಲ್ಲಿ ಎಷ್ಟಿದ್ದಾರೆ ಎಂಬುದೇ ನನ್ನ ಪ್ರಶ್ನೆ. ಜೆ.ಸಿ. ರಸ್ತೆಯ ಮೇಡಂ, ನೀವು ಹೇಳಿದಂತೆ ಎಣಿಸಿ ಬರುತ್ತೇನೆ.

ಬೆಳಗಿನ ರೈಲು

ನಾನು ತುಮಕೂರಿನವನು. ದಿನವೂ ರೈಲಿನಲ್ಲಿ ಯಶವಂತಪುರಕ್ಕೆ ಬಂದು ಹೋಗುತ್ತೇನೆ. ನನ್ನ ಸ್ಕೂಟರ್ ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಮನೆಗೆ ಓಡುವುದು ಬಿಟ್ಟರೆ ಇಡೀ ದಿನ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ. ಆ ಸ್ಟ್ಯಾಂಡನ್ನೊಮ್ಮೆ ನೋಡಿ ಬನ್ನಿ, ನನ್ನಂಥವರು ಎಷ್ಟು ಜನ ಎಂಬುದು ತಿಳಿಯುತ್ತದೆ. ನಾವು ವರ್ಷಕ್ಕೆ ಮೂರು ಸರ್ವೀಸ್ ಮಾಡಿಸುವುದು ಸಾಧ್ಯವೇ ಇಲ್ಲ. ಮಾಡಿಸಬೇಕೆಂದರೂ ಭಾನುವಾರ ಬಿಟ್ಟು ಬೇರೆ ದಿನವಿಲ್ಲ. ನನ್ನ ಬೀದಿಯ ಗ್ಯಾರೇಜ್ ಭಾನುವಾರ ರಜೆ.

ಜೆ.ಸಿ. ರಸ್ತೆ ಬಿಡಿಭಾಗ

ಇದು ಬಹಳ ಉಪಯುಕ್ತ ಮಾತು. ಗಾಡಿ ಗ್ಯಾರೇಜಿಗೆ ಬರುವುದನ್ನು ನಿರ್ಧರಿಸುವುದು ಓಡಿದ ಕಿಲೋಮೀಟರ್. ಕಂಪನಿಯ ಪುಸ್ತಕದಲ್ಲಿ ಆರು ತಿಂಗಳಿಗೊಮ್ಮೆ ಎಂದು ಬರೆದಿದ್ದರೂ ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸುವವರು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದರೆ ಹೆಚ್ಚು. ಸ್ಪ್ಯಾನರ್ ಅವರೇ, ಬೀದಿಯಲ್ಲಿ ನಿಂತ ಗಾಡಿಗಳ ಓಡೋಮೀಟರ್ ಕಂಡರೆ ಅದನ್ನೂ ಬರೆದುಕೊಳ್ಳಿ. ಒಟ್ಟು ಓಟವನ್ನು ಗಾಡಿಯ ವಯಸ್ಸಿನಿಂದ ಭಾಗಿಸಿದರೆ ವರ್ಷದ ಓಟ ಸಿಗುತ್ತದೆ. ಡಿಜಿಟಲ್ ಮೀಟರ್ ಆದರೆ ಕೀಲಿ ಹಾಕದೆ ಕಾಣುವುದಿಲ್ಲ, ಅಲ್ಲಿ ಮಾಲೀಕರನ್ನೇ ಕೇಳಬೇಕು. ಸರ್ವೀಸ್ ಯಾವಾಗ ಮಾಡಿಸಿದಿರಿ ಎಂದು ಕೇಳಿದರೆ ಜನ ಸಂಕೋಚದಿಂದ ಇತ್ತೀಚೆಗೆ ಎನ್ನುತ್ತಾರೆ. ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳಿದರೆ ಇದ್ದದ್ದನ್ನೇ ಹೇಳುತ್ತಾರೆ.

ದಾಸರಹಳ್ಳಿ ಸ್ಪ್ಯಾನರ್

ಎಣಿಕೆ ಮುಗಿಸಿಕೊಂಡು ಬಂದಿದ್ದೇನೆ. ಭಾವಮೈದುನನೂ ನಾನೂ ಬೀದಿ ಹಂಚಿಕೊಂಡು ನಡೆದೆವು. ಹಳಿಯ ಈಚೆ, ಬಿ.ಎಚ್. ರಸ್ತೆಯ ನಮ್ಮ ಬದಿಯಲ್ಲಿ, ಗಾಡಿ ತಳ್ಳಿಕೊಂಡು ಬರಬಹುದಾದ ದೂರದಲ್ಲಿ ಸುಮಾರು ನಾಲ್ಕು ಸಾವಿರ ಮನೆಗಳಿವೆ. ಆರಿಸಿಕೊಂಡ ಬೀದಿಗಳಲ್ಲಿ ಇನ್ನೂರು ಮನೆಗೆ ಇನ್ನೂರ ಮೂವತ್ತು ಗಾಡಿ ಸಿಕ್ಕವು. ಅವುಗಳಲ್ಲಿ ಮೂವತ್ತು ಓಡದೆ ನಿಂತವು. ಅಲ್ಲಿಗೆ ಮನೆಗೊಂದು ಓಡುವ ಗಾಡಿ, ಒಟ್ಟು ನಾಲ್ಕು ಸಾವಿರ ಎಂದು ಇಟ್ಟುಕೊಂಡೆ.

ನೂರಕ್ಕೆ ಮೂವತ್ತರಷ್ಟು ಮೂರು ವರ್ಷದೊಳಗಿನವು. ಅವುಗಳಿಗೆ ಉಚಿತ ಸರ್ವೀಸ್, ವಾರಂಟಿ ಎಂದು ಶೋರೂಮಿಗೇ ಹೋಗುವ ರೂಢಿ ಎಂಬುದು ನಾನು ಕೆಲಸ ಮಾಡುವ ಜಾಗದಲ್ಲಿ ಕಂಡದ್ದೇ. ಅವನ್ನು ತೆಗೆದರೆ ಉಳಿದದ್ದು ಎರಡು ಸಾವಿರದ ಎಂಟು ನೂರು. ಮೀಟರ್ ನೋಡಿದರೆ ಇವು ಎರಡು ಗುಂಪಾಗಿ ಒಡೆಯುತ್ತವೆ. ಸುಮಾರು ಎರಡು ಸಾವಿರದ ಇನ್ನೂರು ಗಾಡಿಗಳು ವರ್ಷಕ್ಕೆ ಮೂರು, ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡುವಂಥವು. ಆರು ನೂರು ಗಾಡಿಗಳು ಮಾರಾಟದ ಹುಡುಗರದು, ಹಾಲು ಹಾಕುವವರದು, ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗಿಬರುವವರದು. ಇವು ಹನ್ನೆರಡು ಸಾವಿರ ದಾಟುತ್ತವೆ. ಕಡಿಮೆ ಓಡುವವು ಸಣ್ಣಪುಟ್ಟ ಕೆಲಸವೂ ಸೇರಿ ವರ್ಷಕ್ಕೆ ಒಂದೂವರೆ ಸಲ, ಹೆಚ್ಚು ಓಡುವವು ಐದು ಸಲ ಗ್ಯಾರೇಜಿಗೆ ಬರುತ್ತವೆ ಎಂದು ಹಿಡಿದೆ. ಒಟ್ಟು ವರ್ಷಕ್ಕೆ ಆರು ಸಾವಿರದ ಮುನ್ನೂರು ಸಲ. ಮುನ್ನೂರು ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೊಂದು ಗಾಡಿ. ಪಂಕ್ಚರ್, ವಾಟರ್ ವಾಷ್ ಸೇರಿಸಿಲ್ಲ.

ಇಡೀ ಸೀಮೆಗೆ ದಿನಕ್ಕೆ ಇಪ್ಪತ್ತೊಂದೇ ಎಂದು ಕಂಡಾಗ ಗಾಬರಿಯಾಯಿತು.

ಜಯನಗರ ನಾಲ್ಕನೇ ಬ್ಲಾಕ್

ಒಂದೂವರೆ ಸಲ, ಐದು ಸಲ ಎಂಬುದು ಎಲ್ಲಿಂದ ಬಂತು? ಇಡೀ ಕಟ್ಟಡ ಆ ಎರಡು ಸಂಖ್ಯೆಗಳ ಮೇಲೆ ನಿಂತಿದೆ. ಐದನ್ನು ಎಂಟು ಮಾಡಿದರೆ ಇಪ್ಪತ್ತೊಂದು ಇಪ್ಪತ್ತೇಳಾಗುತ್ತದೆ. ನನ್ನ ಡ್ಯಾಶ್‌ಬೋರ್ಡ್ ಲೆಕ್ಕದಲ್ಲಿ ಕನಿಷ್ಠ ಮೂಲ ಅಂಕಿಯಾದರೂ ಸರ್ಕಾರದ್ದು.

ಜೆ.ಸಿ. ರಸ್ತೆ ಬಿಡಿಭಾಗ

ನ್ಯಾಯವಾದ ಪ್ರಶ್ನೆ. ಬೇಡಿಕೆಯ ಕಡೆಯಿಂದ ಮಾತ್ರ ಲೆಕ್ಕ ಹಾಕಿದರೆ ಈ ಅನುಮಾನ ಹೋಗುವುದೇ ಇಲ್ಲ. ಆದ್ದರಿಂದಲೇ ಎದುರು ಕಡೆಯಿಂದಲೂ ಹಾಕಬೇಕು. ಆ ಸೀಮೆಯಲ್ಲಿ ಈಗಿರುವ ಗ್ಯಾರೇಜುಗಳು ಎಷ್ಟು, ಕೆಲಸ ಮಾಡುವ ಕೈಗಳು ಎಷ್ಟು, ಒಂದು ಕೈ ದಿನಕ್ಕೆ ಎಷ್ಟು ಗಾಡಿ ಮುಗಿಸುತ್ತದೆ ಎಂಬುದನ್ನು ನೋಡಿ. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹೋಗಿ ನಿಂತ ಗಾಡಿಗಳ ನೋಂದಣಿ ಸಂಖ್ಯೆ ಬರೆದುಕೊಂಡರೆ ಎಷ್ಟು ಬದಲಾದವು ಎಂಬುದು ತಿಳಿಯುತ್ತದೆ. ವಾರಗಟ್ಟಲೆ ಅಲ್ಲೇ ನಿಂತ ಎಂಜಿನ್ ಬಿಚ್ಚಿದ ಗಾಡಿಗಳನ್ನು ದಿನದ ಕೆಲಸವೆಂದು ಎಣಿಸಬೇಡಿ. ಹೊರಗೆ ಹತ್ತು ಗಾಡಿ ಸಾಲಾಗಿ ನಿಂತಿರುವುದು ವ್ಯಾಪಾರದ ಗುರುತಾಗಿರಬೇಕಿಲ್ಲ. ಬಿಡಿಭಾಗಕ್ಕೆ ಹಣವಿಲ್ಲದೆ ನಿಂತ ಕೆಲಸದ ಗುರುತೂ ಆಗಿರಬಹುದು.

ಇನ್ನೊಂದು ದಾರಿಯಿದೆ, ನನಗೆ ಅದರ ಮೇಲೆ ನಂಬಿಕೆ ಹೆಚ್ಚು. ಪ್ರತಿ ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಎಂಜಿನ್ ಆಯಿಲ್ ಸುರಿಯುವ ಒಂದು ಬ್ಯಾರೆಲ್ ಅಥವಾ ಕ್ಯಾನ್ ಇರುತ್ತದೆ. ತುಂಬಿದಾಗ ಒಯ್ಯುವವನು ಒಬ್ಬನಿರುತ್ತಾನೆ, ಸಾಮಾನ್ಯವಾಗಿ ಒಂದು ಪ್ರದೇಶಕ್ಕೆಲ್ಲ ಅವನೇ. ಒಂದು ಗಾಡಿಯಿಂದ ಮುಕ್ಕಾಲರಿಂದ ಒಂದು ಲೀಟರ್ ಆಯಿಲ್ ಇಳಿಯುತ್ತದೆ. ಎಂಟು ನೂರು ಮಿಲಿಲೀಟರ್ ಎಂದು ಹಿಡಿದರೆ ಇನ್ನೂರು ಲೀಟರಿನ ಒಂದು ಬ್ಯಾರೆಲ್ ಎಂದರೆ ಇನ್ನೂರೈವತ್ತು ಗಾಡಿ. ಗ್ಯಾರೇಜಿನವನು ತನ್ನ ವ್ಯಾಪಾರವನ್ನು ಹೆಚ್ಚಿಸಿ ಹೇಳಬಹುದು, ತೆರಿಗೆಯ ಭಯಕ್ಕೆ ತಗ್ಗಿಸಿಯೂ ಹೇಳಬಹುದು. ಬ್ಯಾರೆಲಿಗೆ ಅವೆರಡೂ ಬರುವುದಿಲ್ಲ. ಆ ಮನುಷ್ಯನನ್ನು ಹುಡುಕಿ, ಈ ಬೀದಿಗಳಿಂದ ತಿಂಗಳಿಗೆ ಎಷ್ಟು ಒಯ್ಯುತ್ತೀರಿ ಎಂದು ಕೇಳಿ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕಟ್ಟಡದ ಕೆಲಸದವರು ಕ್ಯಾನಿನಲ್ಲಿ ಸ್ವಲ್ಪ ಕೊಂಡೊಯ್ಯುತ್ತಾರೆ, ಚೈನಿಗೂ ಸ್ವಲ್ಪ ಹೋಗುತ್ತದೆ. ಆದ್ದರಿಂದ ಅವನು ಹೇಳುವುದು ಕನಿಷ್ಠ ಎಂದು ತಿಳಿಯಿರಿ.

ಕಾಮಾಕ್ಷಿಪಾಳ್ಯ ಗ್ಯಾರೇಜ್

ಇದು ನಿಜವಾದ ಮಾತು ಅಕ್ಕ. ನಮ್ಮ ಬ್ಯಾರೆಲ್ ತುಂಬುವುದರಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ಇರುವ ವ್ಯತ್ಯಾಸ ನನಗೆ ಕಣ್ಣಿಗೇ ಕಾಣುತ್ತದೆ. ಇದನ್ನು ಲೆಕ್ಕಕ್ಕೆ ಬಳಸಬಹುದೆಂದು ಹೊಳೆದಿರಲಿಲ್ಲ.

ದಾಸರಹಳ್ಳಿ ಸ್ಪ್ಯಾನರ್

ಮೇಡಂ, ಎರಡನ್ನೂ ನೋಡಿದೆ. ಸೀಮೆಯಲ್ಲಿ ಏಳು ಗ್ಯಾರೇಜುಗಳಿವೆ, ಕೆಲಸ ಬಲ್ಲ ಕೈಗಳು ಹನ್ನೊಂದು. ಒಂದು ಕೈಗೆ ದಿನಕ್ಕೆ ಸುಮಾರು ಮೂರು ಗಾಡಿ. ಅಂದರೆ ಮೂವತ್ತಮೂರು. ನನ್ನ ಇಪ್ಪತ್ತೊಂದಕ್ಕೂ ಇದಕ್ಕೂ ದೊಡ್ಡ ಅಂತರವಿದೆ.

ಆಯಿಲ್ ಒಯ್ಯುವವರು ಸಿಕ್ಕರು. ಆ ಏಳು ಗ್ಯಾರೇಜುಗಳಿಂದ ತಿಂಗಳಿಗೆ ಒಂದೂವರೆ ಬ್ಯಾರೆಲ್ ಎಂದರು. ನಿಮ್ಮ ಲೆಕ್ಕದ ಪ್ರಕಾರ ಮುನ್ನೂರ ಎಪ್ಪತ್ತೈದು ಆಯಿಲ್ ಬದಲಾವಣೆ. ನಾನು ಕಂಡಂತೆ ಬರುವ ಗಾಡಿಗಳಲ್ಲಿ ಅರ್ಧಕ್ಕೆ ಮಾತ್ರ ಆಯಿಲ್ ಬದಲಿಸುತ್ತಾರೆ, ಉಳಿದವು ಬ್ರೇಕ್, ಕೇಬಲ್, ಬ್ಯಾಟರಿ, ಸ್ಟಾರ್ಟಿಂಗ್ ತೊಂದರೆ. ಹಾಗಾದರೆ ತಿಂಗಳಿಗೆ ಏಳುನೂರ ಐವತ್ತು ಗಾಡಿ, ದಿನಕ್ಕೆ ಮೂವತ್ತು. ಬ್ಯಾರೆಲ್ ಮೂವತ್ತು, ಕೈಗಳ ಲೆಕ್ಕ ಮೂವತ್ತಮೂರು, ಮನೆಗಳ ಲೆಕ್ಕ ಇಪ್ಪತ್ತೊಂದು. ಉಳಿದ ಹತ್ತು ಗಾಡಿ ಎಲ್ಲಿಂದ ಬರುತ್ತಿವೆ?

ಬೆಳಗಿನ ರೈಲು

ಹಳ್ಳಿಗಳಿಂದ. ಬ್ಯಾಂಕು, ತಾಲ್ಲೂಕು ಕಚೇರಿ, ಆಸ್ಪತ್ರೆ, ಮಾರುಕಟ್ಟೆ ಎಂದು ಪೇಟೆಗೆ ಬಂದವರು ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಕೆಲಸ ಮುಗಿಸಿಕೊಂಡು ಸಂಜೆ ತೆಗೆದುಕೊಂಡು ಹೋಗುತ್ತಾರೆ. ನಮ್ಮ ದೊಡ್ಡಪ್ಪನ ಎಕ್ಸೆಲ್ ಮೊಪೆಡ್‌ಗೆ ಹಳ್ಳಿಯಲ್ಲಿ ಯಾರೂ ಕೈ ಹಾಕುವುದಿಲ್ಲ. ಎರಡು ಮೂಟೆ ಗೊಬ್ಬರ ಹೊರಿಸಿ ಓಡಿಸುತ್ತಾರೆ, ಹಿಂದಿನ ಬ್ರೇಕ್ ಎಷ್ಟು ಸಲ ಸವೆದಿದೆಯೋ.

ಜೆ.ಸಿ. ರಸ್ತೆ ಬಿಡಿಭಾಗ

ಅದೇ. ಎರಡು ಲೆಕ್ಕಗಳು ಹೊಂದದಿದ್ದಾಗ ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಬಾರದು. ಐದನ್ನು ಎಂಟು ಮಾಡಿ ಬಿಟ್ಟಿದ್ದರೆ ಸಂಖ್ಯೆ ಕೂಡುತ್ತಿತ್ತು, ಹಳ್ಳಿಯ ಗಿರಾಕಿ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಸ್ಪ್ಯಾನರ್ ಅವರೇ, ಗ್ಯಾರೇಜುಗಳಲ್ಲಿ ನಿಂತ ಗಾಡಿಗಳ ಮಾಲೀಕರು ಎಲ್ಲಿಯವರು ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಹಳ್ಳಿಯ ಬೇಡಿಕೆಗೆ ಬೇರೆಯದೇ ಕಾಲವಿದೆ. ಅಡಿಕೆ, ಕೊಬ್ಬರಿಯ ಹಣ ಕೈಗೆ ಬಂದಾಗ ಎಂಜಿನ್ ಕೆಲಸ, ಟೈರ್ ಎಲ್ಲ ಒಟ್ಟಿಗೆ ಬರುತ್ತವೆ. ಹಣವಿಲ್ಲದ ತಿಂಗಳಲ್ಲಿ ಕೇಬಲ್ಲಿಗೆ ಗಂಟು ಹಾಕಿಕೊಂಡು ಓಡಿಸುತ್ತಾರೆ. ವರ್ಷದ ಸರಾಸರಿಯನ್ನು ಹನ್ನೆರಡರಿಂದ ಭಾಗಿಸಿ ಬಾಡಿಗೆ ಕಟ್ಟಲು ಹೊರಟರೆ ಆ ತಿಂಗಳುಗಳಲ್ಲಿ ಕಷ್ಟವಾಗುತ್ತದೆ.

ದಾಸರಹಳ್ಳಿ ಸ್ಪ್ಯಾನರ್

ಕೇಳಿದೆ. ಮೂರರಲ್ಲಿ ಒಂದು ಗಾಡಿ ಹಳ್ಳಿಯದು ಎಂಬುದು ನಿಜ. ಅಲ್ಲಿಗೆ ದಿನಕ್ಕೆ ಮೂವತ್ತು ಎಂದು ನಿಲ್ಲಿಸುತ್ತೇನೆ. ಇನ್ನು ನಮ್ಮ ಪಾಲು ಎಷ್ಟು ಎಂಬ ಪ್ರಶ್ನೆ. ಏಳರ ಜೊತೆಗೆ ನಾವು ಎಂಟನೆಯವರು. ಸಮವಾಗಿ ಹಂಚಿದರೆ ದಿನಕ್ಕೆ ನಾಲ್ಕು ಗಾಡಿ.

ಜೆ.ಸಿ. ರಸ್ತೆ ಬಿಡಿಭಾಗ

ಸಮವಾಗಿ ಹಂಚಿಕೆಯಾಗುವುದಿಲ್ಲ. ಹತ್ತು ವರ್ಷದಿಂದ ಒಬ್ಬ ಮೆಕ್ಯಾನಿಕ್‌ನ ಕೈಗೆ ಗಾಡಿ ಕೊಟ್ಟವನು ನಿಮ್ಮ ಬೋರ್ಡು ನೋಡಿ ಬದಲಾಗುವುದಿಲ್ಲ. ಯಾರು ಬದಲಾಗಬಹುದು ಎಂಬುದನ್ನು ಮಾತ್ರ ಎಣಿಸಿ. ನಿಮ್ಮ ಎಣಿಕೆಯಲ್ಲಿ ಮೂರು ವರ್ಷದೊಳಗಿನ ಗಾಡಿ ಸಾವಿರದ ಇನ್ನೂರು ಇವೆ. ಅಂದರೆ ಪ್ರತಿ ವರ್ಷ ಸುಮಾರು ನಾನ್ನೂರು ಗಾಡಿಗಳು ಶೋರೂಮಿನಿಂದ ಹೊರಬಂದು ಮೊದಲ ಬಾರಿಗೆ ಹೊರಗಿನ ಮೆಕ್ಯಾನಿಕ್‌ನನ್ನು ಹುಡುಕುತ್ತವೆ. ಅವುಗಳಲ್ಲಿ ಹೆಚ್ಚಿನವು ಇಂಜೆಕ್ಷನ್ ಗಾಡಿಗಳು, ದೋಷ ಓದಲು ಸ್ಕ್ಯಾನರ್ ಬೇಕು. ಆ ಏಳರಲ್ಲಿ ಎಷ್ಟು ಜನರ ಬಳಿ ಸ್ಕ್ಯಾನರ್ ಇದೆ? ಇದಕ್ಕೇ ಗಾಡಿಯ ವಯಸ್ಸು ಬರೆದುಕೊಳ್ಳಿ ಎಂದದ್ದು.

ಹಣದ ಲೆಕ್ಕವನ್ನೂ ಬೇರೆ ಮಾಡಿ. ಸಾವಿರ ರೂಪಾಯಿ ಬಿಲ್ಲಿನಲ್ಲಿ ಆಯಿಲ್, ಬಿಡಿಭಾಗದ ಪಾಲು ನಮ್ಮಂಥವರಿಗೆ ವಾಪಸ್ ಬರುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಕೂಲಿ ಮತ್ತು ಬಿಡಿಭಾಗದ ಮೇಲಿನ ಸಣ್ಣ ಲಾಭ.

ದಾಸರಹಳ್ಳಿ ಸ್ಪ್ಯಾನರ್

ಸ್ಕ್ಯಾನರ್ ಇಬ್ಬರ ಬಳಿ ಇದೆ, ಒಬ್ಬರು ಮಾತ್ರ ಬಳಸುತ್ತಾರೆ.

ಹಣದ ಲೆಕ್ಕ ಹಾಕಿದೆ. ಅಲ್ಲಿನ ದರದಲ್ಲಿ ಸರಾಸರಿ ಬಿಲ್ ಒಂಬೈನೂರು. ಕೂಲಿ ಮುನ್ನೂರೈವತ್ತು, ಬಿಡಿಭಾಗದ ಲಾಭ ನೂರು, ಒಟ್ಟು ಒಂದು ಗಾಡಿಗೆ ನಾನ್ನೂರೈವತ್ತು ಕೈಯಲ್ಲಿ ನಿಲ್ಲುತ್ತದೆ. ಬಾಡಿಗೆ ಹನ್ನೆರಡು ಸಾವಿರ, ಒಬ್ಬ ಹುಡುಗನಿಗೆ ಹದಿನೈದು ಸಾವಿರ, ವಿದ್ಯುತ್ತು ಮತ್ತಿತರ ಖರ್ಚು ಮೂರು ಸಾವಿರ. ತಿಂಗಳಿಗೆ ಮೂವತ್ತು ಸಾವಿರ. ದಿನಕ್ಕೆ ಮೂರು ಗಾಡಿ ಬಂದರೆ ಇಪ್ಪತ್ತೈದು ದಿನಕ್ಕೆ ಮೂವತ್ತಮೂರು ಸಾವಿರದ ಏಳುನೂರ ಐವತ್ತು. ಖರ್ಚು ಕಳೆದರೆ ನಮ್ಮಿಬ್ಬರಿಗೂ ಸೇರಿ ಮೂರು ಸಾವಿರ ಚಿಲ್ಲರೆ. ಒಬ್ಬರ ಸಂಬಳವೆಂದು ಇಪ್ಪತ್ತೈದು ಸಾವಿರ ಸಿಗಬೇಕಾದರೂ ದಿನಕ್ಕೆ ಐದು ಗಾಡಿ ಬೇಕು. ಅದು ಆ ಸೀಮೆಯ ಆರರಲ್ಲಿ ಒಂದು ಪಾಲು. ಮೂವತ್ತು ಕೋಟಿಯ ನೂರಕ್ಕೆ ಒಂದು ಎಂದಾಗ ಬಹಳ ಸಣ್ಣದಾಗಿ ಕಂಡದ್ದು ಇಲ್ಲಿ ಬಂದು ನಿಂತಿತು.

ವೈಟ್‌ಫೀಲ್ಡ್ ಬ್ಯಾಟರಿ

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಶೋರೂಮಿನಿಂದ ಹೊರಬರುವ ನಾನ್ನೂರು ಗಾಡಿಗಳಲ್ಲಿ ಮುಂದೆ ಎಲೆಕ್ಟ್ರಿಕ್ ಎಷ್ಟಿರುತ್ತವೆ? ಅವುಗಳಿಗೆ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಕಾರ್ಬುರೇಟರ್ ಇಲ್ಲ. ತಂತ್ರಾಂಶ, ಬ್ಯಾಟರಿ ಎಲ್ಲ ಕಂಪನಿಯ ಕೈಯಲ್ಲಿ. ಐದು ವರ್ಷದ ನಂತರ ನಿಮ್ಮ ಬ್ಯಾರೆಲ್ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಕಾಮಾಕ್ಷಿಪಾಳ್ಯ ಗ್ಯಾರೇಜ್

ಎಲೆಕ್ಟ್ರಿಕ್‌ಗೂ ಬ್ರೇಕ್, ಟೈರ್, ಬೇರಿಂಗ್, ಸಸ್ಪೆನ್ಷನ್ ಇದ್ದೇ ಇರುತ್ತವೆ. ನಮ್ಮಲ್ಲಿಗೆ ಆ ಕೆಲಸಕ್ಕೆ ಬರುತ್ತವೆ. ಕೆಲಸ ಇಲ್ಲದೆ ಹೋಗುವುದಿಲ್ಲ.

ವೈಟ್‌ಫೀಲ್ಡ್ ಬ್ಯಾಟರಿ

ಬರುತ್ತವೆ, ಆದರೆ ವರ್ಷಕ್ಕೆ ಎಷ್ಟು ಸಲ? ಆ ಸಂಖ್ಯೆ ಯಾರೂ ಹೇಳುತ್ತಿಲ್ಲ.

ದಾಸರಹಳ್ಳಿ ಸ್ಪ್ಯಾನರ್

ನಮ್ಮ ಎಣಿಕೆಯ ಇನ್ನೂರು ಓಡುವ ಗಾಡಿಗಳಲ್ಲಿ ಎಲೆಕ್ಟ್ರಿಕ್ ಒಂಬತ್ತು, ಎಲ್ಲವೂ ಹೊಸವು. ಈಗ ಸಣ್ಣ ಸಂಖ್ಯೆ. ಆದರೆ ಹೊಸ ಗಾಡಿಗಳು ಅರವತ್ತರಷ್ಟಿದ್ದವು, ಅವುಗಳಲ್ಲಿ ಒಂಬತ್ತು ಎಂದರೆ ಏಳರಲ್ಲಿ ಒಂದಕ್ಕಿಂತ ಹೆಚ್ಚು. ನಾನ್ನೂರನ್ನು ಮುನ್ನೂರ ನಲವತ್ತು ಎಂದು ಇಳಿಸಿಕೊಂಡಿದ್ದೇನೆ.

ಮುನ್ನೂರ ನಲವತ್ತರಲ್ಲಿ ಅರ್ಧ ನಮ್ಮ ಕಡೆ ತಿರುಗಿದರೂ ಅವು ಕಡಿಮೆ ಓಡುವ ಗಾಡಿಗಳೇ ಹೆಚ್ಚು. ವರ್ಷಕ್ಕೆ ಎರಡು ಸಲ ಬಂದರೆ ದಿನಕ್ಕೆ ಒಂದು ಗಾಡಿ ಚಿಲ್ಲರೆ. ಎರಡನೇ ವರ್ಷ ಇನ್ನೊಂದು ಸೇರುತ್ತದೆ. ಹಳ್ಳಿಯ ಹತ್ತು ಗಾಡಿಗಳಲ್ಲಿ ಒಂದೆರಡು, ಭಾನುವಾರ ತೆರೆದರೆ ರೈಲಿನವರಿಂದ ಒಂದಿಷ್ಟು. ಐದು ತಲುಪಲು ಎರಡು ವರ್ಷ ಬೇಕೆಂದು ಕಾಣುತ್ತದೆ. ಅಷ್ಟು ಕಾಲ ಭಾವಮೈದುನ ಒಬ್ಬನೇ ಹುಡುಗನಿಲ್ಲದೆ ನಡೆಸಿ, ನಾನು ಇಲ್ಲಿನ ಸಂಬಳದಲ್ಲೇ ಉಳಿದು ಭಾನುವಾರ ಮಾತ್ರ ಹೋಗಬಹುದೇ ಎಂದು ಯೋಚಿಸುತ್ತಿದ್ದೇನೆ.

ಜಯನಗರ ನಾಲ್ಕನೇ ಬ್ಲಾಕ್

ಭಾನುವಾರದ ಊಹೆಗೆ ಒಬ್ಬರ ಮಾತು ಬಿಟ್ಟರೆ ಆಧಾರವಿಲ್ಲ. ಅದನ್ನೂ ಎಣಿಸಬೇಕಲ್ಲವೇ?

ಬೆಳಗಿನ ರೈಲು

ಎಣಿಸಿ. ನಿಲ್ದಾಣದ ಸ್ಟ್ಯಾಂಡಿನವರಿಗೆ ತಿಂಗಳ ಪಾಸ್ ಎಷ್ಟು ಜನರದ್ದು ಎಂಬುದು ಗೊತ್ತಿರುತ್ತದೆ. ಆದರೆ ಅವರೆಲ್ಲ ಬಟವಾಡಿಯ ಕಡೆಯವರಲ್ಲ. ನಾನು ಹಳಿಯ ಆಚೆಯವನು, ನಿಮ್ಮ ಸೀಮೆಗೆ ಸೇರುವುದಿಲ್ಲ.

ಜೆ.ಸಿ. ರಸ್ತೆ ಬಿಡಿಭಾಗ

ಹೌದು, ಅವರ ಮನೆ ಯಾವ ಕಡೆ ಎಂಬುದನ್ನು ಬಿಟ್ಟು ಪಾಸುಗಳನ್ನು ಎಣಿಸಿದರೆ ಮತ್ತೆ ಇಡೀ ಊರಿನ ಲೆಕ್ಕಕ್ಕೇ ಹೋದಂತಾಗುತ್ತದೆ. ಸ್ಟ್ಯಾಂಡಿನ ಒಂದು ಸಾಲಿನವರನ್ನು ಕೇಳಿದರೆ ಸಾಕು.

ಇನ್ನೊಂದು ಮಾತು. ಬಟವಾಡಿಗೆ ಮುಂಗಡ ಕೊಡುವ ಮುಂಚೆ ಗುಬ್ಬಿ ಗೇಟಿನ ಕಡೆಯೂ ಇದೇ ಎಣಿಕೆ ಮಾಡಿ ನೋಡಿ. ನಿಮ್ಮ ಊರಿನ ಕಡೆಯಿಂದ ಪೇಟೆಗೆ ಬರುವವರು ಆ ದಾರಿಯಲ್ಲೇ ಒಳಗೆ ಬರುತ್ತಾರೆ, ನಿಮ್ಮನ್ನು ಗುರುತಿಸುವವರೂ ಇರುತ್ತಾರೆ. ಅಲ್ಲಿ ಮನೆಗಳ ಲೆಕ್ಕಕ್ಕಿಂತ ಮೊದಲು ಬ್ಯಾರೆಲ್ ಲೆಕ್ಕ ಹಾಕಿ, ಆಮೇಲೆ ಕೈಗಳನ್ನು ಎಣಿಸಿ. ಒಂದು ಕೈಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಗಾಡಿ ಬೀಳುತ್ತಿದ್ದು, ಗಿರಾಕಿಗಳು ನಾಳೆ ಬಾ ಎನಿಸಿಕೊಂಡು ವಾಪಸ್ ಹೋಗುತ್ತಿದ್ದರೆ ಅಲ್ಲಿ ಇನ್ನೊಂದು ಗ್ಯಾರೇಜಿಗೆ ಜಾಗವಿದೆ. ಆ ಏಳು ಗ್ಯಾರೇಜುಗಳಲ್ಲಿ ಯಾರಾದರೂ ಹೀಗೆ ವಾಪಸ್ ಕಳಿಸುತ್ತಿದ್ದರೇ?

ದಾಸರಹಳ್ಳಿ ಸ್ಪ್ಯಾನರ್

ಇಲ್ಲ ಮೇಡಂ. ಸಂಜೆ ಐದಕ್ಕೆ ಮೂರು ಗ್ಯಾರೇಜುಗಳಲ್ಲಿ ಹುಡುಗರು ಕೈ ಕಟ್ಟಿ ಕುಳಿತಿದ್ದರು. ಮುಂಗಡ ಕೊಡುವುದನ್ನು ನಿಲ್ಲಿಸಿ ಎಂದು ಭಾವಮೈದುನನಿಗೆ ಹೇಳಿದ್ದೇನೆ. ಮುಂದಿನ ವಾರ ಗುಬ್ಬಿ ಗೇಟಿನ ಎಣಿಕೆ ಹಾಕುತ್ತೇನೆ.